ಆಯುಧಪೂಜೆಯ ಮರುದಿನ: ಹೂವು ಮತ್ತು ಅಲಂಕಾರ ಸಾಮಗ್ರಿಗಳ ವಿಲೇವಾರಿ

ಆಯುಧಪೂಜೆಯ ಮರುದಿನ ಗ್ರಾಮಗಳಲ್ಲಿ ಸಂಗ್ರಹವಾಗುವ ತ್ಯಾಜ್ಯದಲ್ಲಿ ಸೇವಂತಿಗೆ, ಚೆಂಡುಹೂವು, ಮಾವಿನ ತೋರಣ, ಬಾಳೆಕಂದು ಹಾಗೂ ಒಡೆದ ಬೂದುಗುಂಬಳವೇ ಅಧಿಕ. ಇವೆಲ್ಲವೂ ಗೊಬ್ಬರವಾಗಬಲ್ಲವು. ಆದರೆ ಚೀಲದಲ್ಲಿ ಕಟ್ಟಿಟ್ಟ ಹೂವು ಎರಡು ದಿನಗಳಲ್ಲಿ ಕೊಳೆತು ನಾರುವುದರಿಂದ, ಸ್ವಚ್ಛ ವಾಹಿನಿಯು ವಿಜಯದಶಮಿಯಂದೇ ಸಂಚರಿಸುವಂತೆ ಮುಂಚಿತವಾಗಿ ಏರ್ಪಾಡು ಮಾಡುವುದು ಸೂಕ್ತ.

ಮೊದಲ ಕೆಲಸ ದಾರವನ್ನು ಬೇರ್ಪಡಿಸುವುದು. ಬಾಳೆನಾರು ಮತ್ತು ಹತ್ತಿದಾರ ಹೂವಿನೊಡನೆಯೇ ಕರಗುತ್ತವೆ. ನೈಲಾನ್ ದಾರ ಕರಗುವುದಿಲ್ಲ. ಗೊಬ್ಬರವಾದ ನಂತರ ಅದನ್ನು ಆರಿಸಿ ತೆಗೆಯುವುದು ಬಹುತೇಕ ಅಸಾಧ್ಯ. ಆದ್ದರಿಂದ ಹಸಿಯಿರುವಾಗಲೇ ಹಾರದ ಒಂದು ತುದಿಯನ್ನು ಕತ್ತರಿಸಿ ದಾರವನ್ನು ಎಳೆದು ತೆಗೆಯಬೇಕು. ಕುಂಬಳದೊಳಗಿನ ನಾಣ್ಯಗಳನ್ನೂ ಇದೇ ಹಂತದಲ್ಲಿ ತೆಗೆಯಬೇಕು. ಬಾಳೆಕಂದಿನಲ್ಲಿ ನೀರಿನಂಶ ಹೆಚ್ಚು. ದನಗಳಿಗೆ ಮೇವಾಗಿ ಕೊಟ್ಟು ಉಳಿದದ್ದನ್ನು ಮಾತ್ರ ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಒಂದು ದಿನ ಬಾಡಿಸಿ ಬಳಸಬೇಕು.

ಹೂವನ್ನಷ್ಟೇ ರಾಶಿ ಹಾಕಿದರೆ ಅದು ಅಂಟಿನಂತೆ ಕುಸಿದು ಗಾಳಿಯಾಡದಂತಾಗುತ್ತದೆ. ಒಂದು ಬುಟ್ಟಿ ಹೂವಿಗೆ ಎರಡು ಬುಟ್ಟಿ ಒಣ ತರಗೆಲೆ ಸೇರಿಸಬೇಕು. ಉದಾಹರಣೆಗೆ, ಒಂದು ಗ್ರಾಮದಲ್ಲಿ 20 ಲೀಟರ್ ಅಳತೆಯ 30 ಬುಟ್ಟಿ ಹೂವು ದೊರೆತರೆ 60 ಬುಟ್ಟಿ ತರಗೆಲೆ ಬೇಕಾಗುತ್ತದೆ. ಇದನ್ನು ಹಬ್ಬಕ್ಕೆ ಮೊದಲೇ ಗುಡಿಸಿ ಕೂಡಿಡದಿದ್ದರೆ ಆ ದಿನ ಸಿಗುವುದಿಲ್ಲ. ಹೆಚ್ಚಿನ ಪ್ರಯತ್ನಗಳು ಮುಗ್ಗರಿಸುವುದು ಇಲ್ಲಿಯೇ. ತಳದಲ್ಲಿ ಒಣ ಕಡ್ಡಿಗಳನ್ನು ಹಾಸಿ, ಎಲೆ ಮತ್ತು ಹೂವುಗಳನ್ನು ಪದರಪದರವಾಗಿ ಹರಡಿ, ಪ್ರತಿ ಪದರದ ಮೇಲೆ ಸಗಣಿನೀರು ಚಿಮುಕಿಸಿದರೆ ಸುಮಾರು ಮೂರೂವರೆ ಅಡಿ ಎತ್ತರದ ರಾಶಿಯಾಗುತ್ತದೆ. ಇದಕ್ಕಿಂತ ಬಹಳ ಚಿಕ್ಕ ರಾಶಿಯಲ್ಲಿ ಶಾಖ ನಿಲ್ಲದು.

ನಾಲ್ಕನೆಯ ದಿನ ಕಬ್ಬಿಣದ ಸರಳನ್ನು ರಾಶಿಯ ನಡುವೆ ಹತ್ತು ನಿಮಿಷ ಚುಚ್ಚಿಟ್ಟು ತೆಗೆದಾಗ ಅದು ಬಿಸಿಯಾಗಿರಬೇಕು. ತಣ್ಣಗಿದ್ದು ಒಳಗೆ ಒಣಗಿದ್ದರೆ ನೀರು ಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದೆಂದು ತಿಳಿದು, ರಾಶಿಯನ್ನು ಮಗುಚಿ ತರಗೆಲೆ ಸೇರಿಸಬೇಕು. ಹಿಡಿಯಷ್ಟು ತೆಗೆದು ಹಿಂಡಿದಾಗ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸಾಕು. ವಾರಕ್ಕೊಮ್ಮೆ ಮಗುಚಿದರೆ ಸುಮಾರು ಎರಡು ತಿಂಗಳಲ್ಲಿ ರಾಶಿ ಅರ್ಧಕ್ಕಿಂತ ಕಡಿಮೆಯಾಗಿ, ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ.

ಪ್ಲಾಸ್ಟಿಕ್ ಹೂವು, ಮಿಂಚುಕಾಗದ ಮತ್ತು ನೈಲಾನ್ ದಾರವನ್ನು ಒಣ ಕಸದೊಡನೆ ಘನತ್ಯಾಜ್ಯ ಘಟಕಕ್ಕೆ ಒಪ್ಪಿಸಬೇಕು. ಸ್ವಚ್ಛವಾದ ಬಾಟಲಿ ಹಾಗೂ ಹಾಳೆಗಳಿಗೆ ಗುಜರಿಯಲ್ಲಿ ಬೆಲೆಯುಂಟು, ಮಿಂಚುಕಾಗದಕ್ಕೆ ಇಲ್ಲ. ಅಲಂಕಾರದ ಥರ್ಮಾಕೋಲ್ 1 ಜುಲೈ 2022ರಿಂದ ದೇಶದಾದ್ಯಂತ ನಿಷೇಧಿತವಾಗಿದ್ದು, ಅದನ್ನು ಅಂಗಡಿಗಳಲ್ಲಿಯೇ ತಡೆಯುವುದು ಸುಲಭ. ಬಿದಿರಿನ ಗಳ, ಬಟ್ಟೆಯ ಪರದೆ, ತೆಂಗಿನ ಹಗ್ಗ ಮತ್ತು ವಿದ್ಯುತ್ ದೀಪದ ಸರಗಳನ್ನು ಒಣಗಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಿ ಸಮುದಾಯ ಭವನದಲ್ಲಿರಿಸಿದರೆ ದೀಪಾವಳಿಗೆ ಮತ್ತೆ ಬಳಸಬಹುದು.