ಬಳಸಿದ ಕಾರುಗಳ ಜಾಹೀರಾತು: ಸಾಲಿನ ದರ ಮತ್ತು ಗಿರಾಕಿಯ ದರ

ಬಳಸಿದ ಕಾರುಗಳ ವರ್ತಕರು ಪತ್ರಿಕೆಗಳಿಗೆ ಎರಡು ಬಗೆಯ ಜಾಹೀರಾತು ನೀಡುತ್ತಾರೆ. ವರ್ಗೀಕೃತ ಜಾಹೀರಾತಿಗೆ ಸಾಮಾನ್ಯವಾಗಿ ಸಾಲು ಅಥವಾ ಪದಗಳ ಲೆಕ್ಕದಲ್ಲಿಯೂ, ಚೌಕಟ್ಟಿನ ಡಿಸ್‌ಪ್ಲೇ ಜಾಹೀರಾತಿಗೆ ಚದರ ಸೆಂಟಿಮೀಟರಿನ ಲೆಕ್ಕದಲ್ಲಿಯೂ ದರವಿರುತ್ತದೆ. ದರಪಟ್ಟಿ ಕಂಡೊಡನೆ ಒಂದೆರಡು ಸಾಲು ಕಡಿತಗೊಳಿಸುವ ಯೋಚನೆ ಸಹಜವಾದುದು. ಆ ಉಳಿತಾಯ ನಿಜವೇ ಎಂಬುದನ್ನು ಕಾರು ನೋಡಲು ಬಂದವರ ಸಂಖ್ಯೆಯಿಂದ ಅಳೆಯಬೇಕು.

ಲೆಕ್ಕಕ್ಕಾಗಿ ಸಾಲಿಗೆ ₹150 ದರವೆಂದು ಇಟ್ಟುಕೊಳ್ಳೋಣ. ಒಂದು ಭಾನುವಾರ ಕಾರಿನ ಹೆಸರು, ‘ಉತ್ತಮ ಸ್ಥಿತಿ’ ಎಂಬ ಮಾತು ಹಾಗೂ ದೂರವಾಣಿ ಸಂಖ್ಯೆಯಷ್ಟೇ ಇರುವ 3 ಸಾಲಿನ ಜಾಹೀರಾತಿಗೆ ₹450 ತಗಲಿತು. 18 ಕರೆಗಳು ಬಂದವು. ಕಾರು ನೋಡಲು ಬಂದವರು ಇಬ್ಬರು. ಮುಂದಿನ ಭಾನುವಾರ ತಯಾರಿಕೆಯ ವರ್ಷ, ಓಡಿದ ಕಿಲೋಮೀಟರು, ಎಷ್ಟನೆಯ ಮಾಲೀಕರು ಹಾಗೂ ಬೆಲೆಯನ್ನು ಸೇರಿಸಿ 5 ಸಾಲು ಕೊಡಲಾಯಿತು, ವೆಚ್ಚ ₹750. ಕರೆಗಳು 9ಕ್ಕೆ ಇಳಿದವು, ಬಂದವರು 5 ಮಂದಿ. ಕರೆಯೊಂದಕ್ಕೆ ₹25 ಇದ್ದ ವೆಚ್ಚ ಸುಮಾರು ₹83ಕ್ಕೆ ಏರಿದರೂ, ಬಂದ ಗಿರಾಕಿಯೊಬ್ಬರ ವೆಚ್ಚ ₹225ರಿಂದ ₹150ಕ್ಕೆ ಇಳಿಯಿತು. ಬೆಲೆ ಹೊಂದದವರನ್ನು ಆ ಎರಡು ಸಾಲುಗಳೇ ತಡೆದವು. ದಿನವಿಡೀ ಕರೆಗಳಿಗೆ ಉತ್ತರಿಸುವ ಶ್ರಮವೂ ತಪ್ಪಿತು.

ಅದೇ ವರ್ತಕರು 12 ಕಾರುಗಳ ಪಟ್ಟಿಯುಳ್ಳ 80 ಚದರ ಸೆಂ.ಮೀ. ಡಿಸ್‌ಪ್ಲೇ ಜಾಹೀರಾತಿಗೆ, ಚದರ ಸೆಂಟಿಮೀಟರಿಗೆ ₹150ರಂತೆ, ₹12,000 ವ್ಯಯಿಸಿದರೆನ್ನಿ. ಬಂದವರು 16 ಮಂದಿಯಾದರೆ ತಲಾ ₹750 ಆಯಿತು. ಮೇಲ್ನೋಟಕ್ಕೆ ಇದು ದುಬಾರಿ. ಆದರೆ ಅವರಲ್ಲಿ 6 ಮಂದಿ ತಮ್ಮ ಕಾರನ್ನು ಮಾರಲು ಬಂದಿದ್ದರೆ ಅವರನ್ನು ಬೇರೆಯೇ ಬರೆದಿಡಬೇಕು. ಈ ವ್ಯಾಪಾರದಲ್ಲಿ ಒಳ್ಳೆಯ ಕಾರು ಕೈಗೆ ಬರುವುದು ಮಾರಾಟದಷ್ಟೇ ಕಷ್ಟ. ಒಂದು ಕಾರನ್ನು ಮಾರುವುದಕ್ಕೆ ಮಾತ್ರ ಡಿಸ್‌ಪ್ಲೇ ಜಾಹೀರಾತು ಕೊಡುವುದು ನಮ್ಮ ದೃಷ್ಟಿಯಲ್ಲಿ ದುಂದು.

ಯಾವ ಜಾಹೀರಾತು ನೋಡಿದಿರೆಂದು ಕೇಳಿದರೆ ಬಹುತೇಕರು ‘ಪೇಪರಿನಲ್ಲಿ’ ಎನ್ನುವುದುಂಟು. ಆದುದರಿಂದ ಪ್ರತಿ ಜಾಹೀರಾತಿಗೂ ಬೇರೆ ದೂರವಾಣಿ ಸಂಖ್ಯೆಯನ್ನಾಗಲಿ, ಸಂಪರ್ಕಿಸಬೇಕಾದವರ ಬೇರೆ ಹೆಸರನ್ನಾಗಲಿ ಕೊಡುವುದು ಲೇಸು. ಕರೆಯ ದಿನ, ಭೇಟಿ, ಮಾರಾಟ ಈ ಮೂರನ್ನು ಪುಸ್ತಕದಲ್ಲಿ ಎರಡು ವಾರ ಬರೆಯಬೇಕು. ಡಿಸ್‌ಪ್ಲೇ ಜಾಹೀರಾತನ್ನು ಕತ್ತರಿಸಿಟ್ಟುಕೊಂಡು ತಡವಾಗಿ ಬರುವವರಿರುತ್ತಾರೆ.

ಒಂದೇ ಭಾನುವಾರದ ಅಂಕಿಗಳನ್ನು ನಂಬಿ ತೀರ್ಮಾನಿಸಲಾಗದು. ಆಷಾಢದ ಅಥವಾ ಪಿತೃಪಕ್ಷದ ವಾರವನ್ನು ಆಯುಧಪೂಜೆಗೆ ಮುಂಚಿನ ವಾರದೊಡನೆ ಹೋಲಿಸಿದರೆ ಜಾಹೀರಾತಿನ ಗುಣ ತಿಳಿಯದು, ಪಂಚಾಂಗದ ಪ್ರಭಾವವಷ್ಟೇ ತಿಳಿದೀತು. ಹಲವು ದಿನಗಳ ರಿಯಾಯಿತಿ ಯೋಜನೆಗೆ ಒಪ್ಪುವ ಮುನ್ನ, ಮೊದಲ ದಿನವೇ ಕಾರು ಮಾರಾಟವಾದರೆ ಉಳಿದ ದಿನಗಳಿಗೆ ಒಕ್ಕಣೆ ಬದಲಿಸಲು ಅವಕಾಶವಿದೆಯೇ ಎಂದು ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.