ನಡುವೆ ಭಾರ ಹೊತ್ತ ಹಗ್ಗ ಏಕೆ ಜೋಲುತ್ತದೆ?

ಹಗ್ಗಕ್ಕೆ ಎಳೆಯುವುದು ಗೊತ್ತೇ ಹೊರತು ತಳ್ಳುವುದು ಗೊತ್ತಿಲ್ಲ. ಎಳೆಯುವುದೂ ತನ್ನ ಉದ್ದದ ದಿಕ್ಕಿನಲ್ಲಿ ಮಾತ್ರ. ಎರಡು ಕಂಬಗಳ ನಡುವೆ ಅಡ್ಡಲಾಗಿ ಬಿಗಿದ ಹಗ್ಗ ಎಡಕ್ಕೂ ಬಲಕ್ಕೂ ಎಳೆಯುತ್ತದೆ, ಮೇಲಕ್ಕೆ ಎಳೆಯುವುದಿಲ್ಲ. ಆದರೆ ಅದರ ನಡುವೆ ತೂಗುಹಾಕಿದ ಭಾರ ನೇರ ಕೆಳಕ್ಕೆ ಜಗ್ಗುತ್ತದೆ. ಅದನ್ನು ಎತ್ತಿ ಹಿಡಿಯಬೇಕಾದರೆ ಮೇಲ್ಮುಖವಾದ ಬಲ ಬೇಕು. ಹಗ್ಗ ಸ್ವಲ್ಪವಾದರೂ ಜೋತು ಓರೆಯಾದರೆ ಮಾತ್ರ ಅದರ ಎಳೆತದ ಒಂದು ಪಾಲು ಮೇಲ್ಮುಖವಾಗುತ್ತದೆ. ಹಗ್ಗ ಪೂರ್ತಿ ನೇರವಾಗಿದ್ದರೆ ಆ ಪಾಲು ಸೊನ್ನೆ. ಆಗ ಎಳೆತ ಎಷ್ಟೇ ದೊಡ್ಡದಿದ್ದರೂ ಒಂದು ಗ್ರಾಂ ತೂಕವನ್ನೂ ಅದು ಹೊರಲಾರದು.

ಎಳೆತದ ಎಷ್ಟು ಪಾಲು ಮೇಲಕ್ಕೆ ಕೆಲಸ ಮಾಡುತ್ತದೆ ಎಂಬುದನ್ನು ಹಗ್ಗದ ಆಕಾರವೇ ಹೇಳುತ್ತದೆ. 10 ಮೀಟರ್ ಅಂತರದ ಎರಡು ಕಂಬಗಳು, ಒಂದೇ ಎತ್ತರದಲ್ಲಿ ಕಟ್ಟಿದ ಹಗ್ಗ, ಸರಿಯಾಗಿ ನಡುವೆ 60 ಕಿಲೋ ಭಾರ ಇವೆ ಎಂದಿಟ್ಟುಕೊಳ್ಳೋಣ. ಭಾರದ ಎರಡೂ ಬದಿಯ ಹಗ್ಗಗಳು ತಲಾ 30 ಕಿಲೋ ತೂಕವನ್ನು ಮೇಲಕ್ಕೆತ್ತಬೇಕು. ನಡುಭಾಗ 1 ಮೀಟರ್ ಜೋತಿದ್ದರೆ, ಕಂಬದಿಂದ ಭಾರದವರೆಗಿನ ಹಗ್ಗದ ಉದ್ದ ಸುಮಾರು 5.1 ಮೀಟರ್. 5.1 ಮೀಟರ್ ಹಗ್ಗಕ್ಕೆ 1 ಮೀಟರ್ ಇಳಿತ ಎಂದರೆ, 5.1 ಪಾಲು ಎಳೆತದಲ್ಲಿ 1 ಪಾಲು ಮಾತ್ರ ಮೇಲ್ಮುಖ. ಹಾಗಾಗಿ 30 ಕಿಲೋ ಎತ್ತಲು ಹಗ್ಗದಲ್ಲಿ ಸುಮಾರು 153 ಕಿಲೋ ತೂಕದಷ್ಟು ಎಳೆತ ಇರಬೇಕು. ಉಳಿದದ್ದೆಲ್ಲ ಎರಡು ಕಂಬಗಳನ್ನು ಒಂದರತ್ತ ಒಂದು ಜಗ್ಗುವುದರಲ್ಲೇ ವ್ಯಯವಾಗುತ್ತದೆ.

ಇದೇ ಲೆಕ್ಕವನ್ನು ಮುಂದುವರಿಸಿದರೆ ಎಳೆತ ಏರುವ ಪರಿ ಕಾಣುತ್ತದೆ. ಜೋಲು ಅರ್ಧ ಮೀಟರಿಗೆ ಇಳಿದರೆ ಎಳೆತ ಸುಮಾರು 300 ಕಿಲೋ. 10 ಸೆಂಟಿಮೀಟರಿಗೆ 1,500 ಕಿಲೋ. 1 ಸೆಂಟಿಮೀಟರಿಗೆ 15,000 ಕಿಲೋ, ಅಂದರೆ 15 ಟನ್. ಭಾರ ಮಾತ್ರ ಅದೇ 60 ಕಿಲೋ. ಜೋಲು ಸೊನ್ನೆಯ ಸಮೀಪಕ್ಕೆ ಬಂದಂತೆ ಎಳೆತಕ್ಕೆ ಮಿತಿಯೇ ಇಲ್ಲ. ಅಷ್ಟು ಎಳೆತವನ್ನು ತಡೆಯುವ ಹಗ್ಗವಾಗಲಿ ಕಂಬವಾಗಲಿ ಇರಲಾರದು.

ಹಾಗಾದರೆ ನಿಜವಾದ ಹಗ್ಗ ಎಲ್ಲಿ ನಿಲ್ಲುತ್ತದೆ? ಭಾರ ಹೊತ್ತಾಗ ಹಗ್ಗ ಹಿಗ್ಗುತ್ತದೆ, ಹಿಗ್ಗಿದಷ್ಟೂ ಎಳೆತ ಹೆಚ್ಚುತ್ತದೆ, ಜೋಲೂ ಹೆಚ್ಚುತ್ತದೆ. ಎಳೆತದ ಮೇಲ್ಮುಖ ಪಾಲು ಭಾರಕ್ಕೆ ಸಮನಾದ ಕಡೆ ಇಳಿತ ನಿಲ್ಲುತ್ತದೆ. ಇಲ್ಲಿ ಅಚ್ಚರಿಯೆಂದರೆ, ಬಹಳ ಕಡಿಮೆ ಹಿಗ್ಗಿದರೂ ಜೋಲು ಬಹಳವಾಗುತ್ತದೆ. ಹಗ್ಗದ ಬದಲು 6 ಮಿಲಿಮೀಟರ್ ದಪ್ಪದ ಗಟ್ಟಿ ಉಕ್ಕಿನ ತಂತಿಯನ್ನು, ಮೊದಲೇ ಎಳೆದು ಬಿಗಿಯದೆ ನೇರವಾಗಿ ಕಟ್ಟಿ, ಅದೇ 60 ಕಿಲೋ ತೂಗುಹಾಕಿದರೆ ಕಂಬಗಳು ಅಲುಗದಿದ್ದರೂ ಅದು ಸುಮಾರು 23 ಸೆಂಟಿಮೀಟರ್ ಜೋಲುತ್ತದೆ. ಆಗ 10 ಮೀಟರ್ ತಂತಿ ಹಿಗ್ಗಿರುವುದು ಸುಮಾರು 1 ಸೆಂಟಿಮೀಟರ್ ಮಾತ್ರ, ಎಳೆತ 640 ಕಿಲೋ ಆಸುಪಾಸು. ಮೊದಲೇ ಬಿಗಿದು ಕಟ್ಟಿದರೆ ಜೋಲು ತಗ್ಗುತ್ತದೆ, ಎಳೆತ ಇನ್ನೂ ಏರುತ್ತದೆ.

ಭಾರವನ್ನು ತೆಗೆದರೂ ಹಗ್ಗ ಪೂರ್ತಿ ನೇರವಾಗುವುದಿಲ್ಲ, ಏಕೆಂದರೆ ಅದಕ್ಕೆ ಅದರದೇ ತೂಕವಿದೆ. 10 ಮೀಟರ್ ಹಗ್ಗದ ತೂಕ ಒಟ್ಟು 1 ಕಿಲೋ ಇದ್ದರೆ, ನಡುಭಾಗ ಬರೀ 1 ಸೆಂಟಿಮೀಟರ್ ಜೋಲುವಂತೆ ಹಿಡಿಯಲು 125 ಕಿಲೋ ಎಳೆತ ಬೇಕು. ವಿದ್ಯುತ್ ತಂತಿಗಳನ್ನು ಕಂಬಗಳ ನಡುವೆ ಜೋಲುಬಿಟ್ಟೇ ಎಳೆಯುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಚಳಿಗೆ ತಂತಿ ಕುಗ್ಗಿದಾಗ ಜೋಲು ಕಡಿಮೆಯಾಗಿ ಎಳೆತ ಏರುತ್ತದೆ. ಅದಕ್ಕೂ ಅವಕಾಶವಿಡಬೇಕು.

ಅಡ್ಡ ಹಗ್ಗಕ್ಕೆ ಭಾರ ಹಾಕುವವರಿಗೆ ನೆನಪಿಡಲು ಸುಲಭವಾದ ಅಳತೆಯೊಂದಿದೆ. ಜೋಲು ಅಂತರದ ಹತ್ತನೇ ಒಂದು ಪಾಲಿದ್ದರೆ ಎಳೆತ ಭಾರದ ಎರಡೂವರೆ ಪಟ್ಟು. ಇಪ್ಪತ್ತನೇ ಒಂದು ಪಾಲಿದ್ದರೆ ಐದು ಪಟ್ಟು. ಗಂಟು ಹಾಕಿದ ಕಡೆ ಹಗ್ಗದ ಶಕ್ತಿ ಕುಂದುವುದರಿಂದ ಸಾಮಾನ್ಯವಾಗಿ ಕಡಿಯುವುದು ಅಲ್ಲೇ. ಭಾರ ಹಾಕಿದಾಗ ಕಂಬಗಳು ಒಳಕ್ಕೆ ವಾಲಿದರೆ, ಕಂಬದ ಬುಡದ ಮಣ್ಣು ಬಿರುಕುಬಿಟ್ಟರೆ, ಎಳೆತ ಮಿತಿ ಮೀರುತ್ತಿದೆ ಎಂದರ್ಥ. ಆಗ ಹಗ್ಗವನ್ನು ಇನ್ನಷ್ಟು ಬಿಗಿಯುವುದು ತಪ್ಪು. ಭಾರ ಇಳಿಸಿ, ಸಡಿಲಿಸಿ, ಜೋಲು ಹೆಚ್ಚಿಸಬೇಕು.

ಇದೇ ಗುಣವನ್ನು ಉಪಯೋಗಕ್ಕೂ ತರಬಹುದು. ಕೆಸರಿನಲ್ಲಿ ಹೂತ ಗಾಡಿಗೂ 10 ಮೀಟರ್ ದೂರದ ಮರಕ್ಕೂ ಹಗ್ಗ ಬಿಗಿದು, ನಡುವೆ ಹಿಡಿದು ಪಕ್ಕಕ್ಕೆ 30 ಕಿಲೋ ಬಲದಿಂದ ಜಗ್ಗಿದಾಗ ಹಗ್ಗ ಅರ್ಧ ಮೀಟರ್ ಬಾಗಿದರೆ, ಗಾಡಿಯ ಮೇಲೆ ಸುಮಾರು 150 ಕಿಲೋ ಎಳೆತ ಬೀಳುತ್ತದೆ. ಆದರೆ ಹಗ್ಗ ಹಿಗ್ಗದಿದ್ದರೂ ಗಾಡಿ ಸರಿಯುವುದು ಸುಮಾರು 5 ಸೆಂಟಿಮೀಟರ್ ಮಾತ್ರ. ಬಲ ಐದು ಪಟ್ಟಾದರೂ ದೂರ ಕೈ ಸರಿದದ್ದರ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಸಲವೂ ಹಗ್ಗವನ್ನು ಮತ್ತೆ ಬಿಗಿದು ಕಟ್ಟಿ ಜಗ್ಗಬೇಕಾಗುತ್ತದೆ.