ದ್ವಿಚರ ಪ್ರಸಾಮಾನ್ಯ ವಿತರಣೆ

ದ್ವಿಚರ ಪ್ರಸಾಮಾನ್ಯ ವಿತರಣೆ ಎಂಬುದು ಎರಡು ಯಾದೃಚ್ಛಿಕ ಚರಗಳ ಒಂದು ಜಂಟಿ ಸಂಭವನೀಯತಾ ವಿತರಣೆ. X ಮತ್ತು Y ಎಂಬ ಚರಗಳಿಂದ ರಚಿಸಬಹುದಾದ aX + bY ರೂಪದ ಪ್ರತಿಯೊಂದು ಮೊತ್ತವೂ ಪ್ರಸಾಮಾನ್ಯ ವಿತರಣೆಯನ್ನು ಹೊಂದಿದ್ದರೆ, ಅವುಗಳನ್ನು ಜಂಟಿಯಾಗಿ ಪ್ರಸಾಮಾನ್ಯ ಎನ್ನಲಾಗುತ್ತದೆ. ಈ ವಿತರಣೆಯನ್ನು ಪೂರ್ಣವಾಗಿ ತಿಳಿಯಲು ಐದು ಸಂಖ್ಯೆಗಳು ಸಾಕು: ಎರಡು ಸರಾಸರಿಗಳು, ಎರಡು ವ್ಯತ್ಯಯಗಳು (ಮಾನಕ ವಿಚಲನೆಯ ವರ್ಗಗಳು) ಮತ್ತು ಒಂದು ಸಹವ್ಯತ್ಯಯ. ಒಂದು ಚರದ ಬೆಲೆ ತಿಳಿದಾಗ ಇನ್ನೊಂದರ ವಿತರಣೆ ಹೇಗೆ ಬದಲಾಗುತ್ತದೆ ಎಂಬುದನ್ನು ಈ ಐದರಿಂದಲೇ ಲೆಕ್ಕ ಹಾಕಬಹುದು.

## ಉದಾಹರಣೆಯ ಹಿನ್ನೆಲೆ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಗೆ ಹೆಸರಾದ ಊರು. ಚಿಂತಾಮಣಿ ಮತ್ತು ಚಿಕ್ಕಬಳ್ಳಾಪುರ ತಾಲ್ಲೂಕುಗಳಲ್ಲಿಯೂ ರೇಷ್ಮೆ ಕೃಷಿ ನಡೆಯುತ್ತದೆ. ಗೂಡು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ; ಆದರೆ ನೂಲು ಬರುವುದು ಗೂಡಿನ ಹೊರಕವಚದಿಂದ ಮಾತ್ರ. ಒಳಗಿರುವ ಪ್ಯೂಪಾದ ತೂಕದಿಂದ ನೂಲು ದೊರೆಯುವುದಿಲ್ಲ.

ಇಡೀ ಗೂಡನ್ನು ತೂಗುವುದು ಸುಲಭ. ಕವಚವನ್ನು ಮಾತ್ರ ತೂಗಬೇಕಾದರೆ ಗೂಡನ್ನು ಕತ್ತರಿಸಿ ಪ್ಯೂಪಾವನ್ನು ಹೊರತೆಗೆಯಬೇಕು, ಮತ್ತು ಕತ್ತರಿಸಿದ ಗೂಡಿನಿಂದ ನೂಲು ಬಿಚ್ಚಲಾಗದು. ಆದ್ದರಿಂದ ಕೆಲವು ಗೂಡುಗಳನ್ನು ಮಾತ್ರ ಕತ್ತರಿಸಿ ಅಳೆದು, ಉಳಿದವುಗಳ ಕವಚದ ತೂಕವನ್ನು ಇಡೀ ಗೂಡಿನ ತೂಕದಿಂದ ಅಂದಾಜಿಸಬೇಕಾಗುತ್ತದೆ. ಷರತ್ತುಬದ್ಧ ವಿತರಣೆ ಬೇಕಾಗುವುದು ಇಲ್ಲಿಯೇ.

ಕವಚದ ತೂಕ S, ಪ್ಯೂಪಾದ ತೂಕ P, ಇಡೀ ಗೂಡಿನ ತೂಕ W = S + P ಆಗಿರಲಿ. ವಿವರಣೆಗಾಗಿ, ಮಿಲಿಗ್ರಾಂಗಳಲ್ಲಿ, ಈ ಬೆಲೆಗಳನ್ನು ಊಹಿಸಿಕೊಳ್ಳಲಾಗಿದೆ:

- S: ಸರಾಸರಿ 320, ವ್ಯತ್ಯಯ 2500 (ಮಾನಕ ವಿಚಲನೆ 50)
- P: ಸರಾಸರಿ 1480, ವ್ಯತ್ಯಯ 30500
- S ಮತ್ತು P ಗಳ ಸಹವ್ಯತ್ಯಯ: 3500

S ಮತ್ತು P ಜಂಟಿಯಾಗಿ ಪ್ರಸಾಮಾನ್ಯವಾಗಿದ್ದರೆ S ಮತ್ತು W ಕೂಡ ಹಾಗೆಯೇ ಇರುತ್ತವೆ; ಏಕೆಂದರೆ W ಎಂಬುದು S ಮತ್ತು P ಗಳ ಮೊತ್ತವೇ ಆಗಿದೆ.

## ಸಹವ್ಯತ್ಯಯ ಮತ್ತು ಸಹಸಂಬಂಧ

ಕೋವೇರಿಯನ್ಸ್ ಎಂದೂ ಕರೆಯಲಾಗುವ ಸಹವ್ಯತ್ಯಯವನ್ನು Cov(X, Y) = E[XY] − E[X]E[Y] ಎಂದು ವ್ಯಾಖ್ಯಾನಿಸಲಾಗುತ್ತದೆ. ಚರಗಳನ್ನು ಕೂಡಿದಾಗ ಇದನ್ನು ಪದಪದವಾಗಿ ಬಿಡಿಸಬಹುದು, ಮತ್ತು ಒಂದು ಚರಕ್ಕೆ ತನ್ನೊಂದಿಗೇ ಇರುವ ಸಹವ್ಯತ್ಯಯವೇ ಅದರ ವ್ಯತ್ಯಯ. ಆದ್ದರಿಂದ,

Cov(S, W) = Cov(S, S) + Cov(S, P) = 2500 + 3500 = 6000

Var(W) = 2500 + 30500 + 2 × 3500 = 40000

ಎರಡನೆಯ ಸಾಲಿನಲ್ಲಿ ಸಹವ್ಯತ್ಯಯವನ್ನು ಎರಡು ಬಾರಿ ಸೇರಿಸಬೇಕೆಂಬುದನ್ನು ಮರೆಯುವುದು ಸಾಮಾನ್ಯ ತಪ್ಪು. W ನ ಸರಾಸರಿ 1800, ಮಾನಕ ವಿಚಲನೆ 200.

ಸಹವ್ಯತ್ಯಯದ ಏಕಮಾನ ಇಲ್ಲಿ ಮಿಲಿಗ್ರಾಂ ವರ್ಗ. ಗ್ರಾಂಗಳಲ್ಲಿ ತೂಗಿದ್ದರೆ 6000 ಎಂಬುದು 0.006 ಆಗುತ್ತಿತ್ತು, ಹೀಗಾಗಿ ಆ ಸಂಖ್ಯೆಯೊಂದರಿಂದಲೇ ಸಂಬಂಧದ ಬಲವನ್ನು ಹೇಳಲಾಗದು. ಅದನ್ನು ಎರಡೂ ಮಾನಕ ವಿಚಲನೆಗಳಿಂದ ಭಾಗಿಸಿದರೆ ಏಕಮಾನವಿಲ್ಲದ ಸಹಸಂಬಂಧ ಗುಣಾಂಕ ದೊರೆಯುತ್ತದೆ:

ρ = 6000 / (50 × 200) = 0.6

## ಷರತ್ತುಬದ್ಧ ವಿತರಣೆ

W ನ ಮೂಲಕ ವಿವರಿಸಬಹುದಾದ ಭಾಗವನ್ನು S ನಿಂದ ಬೇರ್ಪಡಿಸುವುದು ಇಲ್ಲಿಯ ಮುಖ್ಯ ಹೆಜ್ಜೆ. β = Cov(S, W) / Var(W) = 6000 / 40000 = 0.15 ಎಂದು ಇಟ್ಟುಕೊಂಡು, R = S − βW ಎಂಬ ಶೇಷವನ್ನು ಪರಿಗಣಿಸಿದರೆ,

Cov(R, W) = 6000 − 0.15 × 40000 = 0

ಸಾಮಾನ್ಯವಾಗಿ ಸಹವ್ಯತ್ಯಯ ಸೊನ್ನೆಯಾದ ಮಾತ್ರಕ್ಕೆ ಎರಡು ಚರಗಳು ಪರಸ್ಪರ ಸ್ವತಂತ್ರವಾಗುವುದಿಲ್ಲ. ಆದರೆ R ಮತ್ತು W ಜಂಟಿಯಾಗಿ ಪ್ರಸಾಮಾನ್ಯವಾಗಿರುವುದರಿಂದ ಇಲ್ಲಿ ಅವು ಸ್ವತಂತ್ರವಾಗಿವೆ. ಅಂದರೆ W ನ ಬೆಲೆ ಏನೇ ಇರಲಿ, R ನ ವಿತರಣೆ ಬದಲಾಗದು. ಇದರಿಂದ, W = w ಎಂದು ತಿಳಿದಾಗ S ಕೂಡ ಪ್ರಸಾಮಾನ್ಯವಾಗಿಯೇ ಉಳಿಯುತ್ತದೆ:

E[S | W = w] = 320 + 0.15 (w − 1800)

Var(S | W = w) = 2500 × (1 − 0.6²) = 1600

ಸರಾಸರಿ w ನೊಂದಿಗೆ ಸರಳರೇಖೆಯಲ್ಲಿ ಸಾಗುತ್ತದೆ. ವ್ಯತ್ಯಯದಲ್ಲಿ w ಕಾಣಿಸಿಕೊಳ್ಳುವುದೇ ಇಲ್ಲ.

2200 ಮಿಲಿಗ್ರಾಂ ತೂಗುವ ಒಂದು ಗೂಡನ್ನು ತೆಗೆದುಕೊಂಡರೆ, ಅದರ ಕವಚದ ನಿರೀಕ್ಷಿತ ತೂಕ 320 + 0.15 × 400 = 380, ಮಾನಕ ವಿಚಲನೆ 40. ಕವಚ 400ಕ್ಕಿಂತ ಹೆಚ್ಚು ತೂಗುವ ಸಂಭವನೀಯತೆಗೆ z = (400 − 380) / 40 = 0.5, ಕೋಷ್ಟಕದ ಪ್ರಕಾರ ಇದು ಸುಮಾರು 0.31. ತೂಕ ತಿಳಿಯದ ಗೂಡಿಗೆ z = (400 − 320) / 50 = 1.6, ಸಂಭವನೀಯತೆ ಸುಮಾರು 0.055 ಮಾತ್ರ. ಹೀಗೆ ತೂಕದ ತಿಳಿವಳಿಕೆ ಸಾಧ್ಯತೆಯನ್ನು ಐದು ಪಟ್ಟಿಗಿಂತ ಹೆಚ್ಚಿಸಿತು. ಆದರೆ ಮಾನಕ ವಿಚಲನೆ 50ರಿಂದ 40ಕ್ಕೆ ಇಳಿಯಿತಷ್ಟೆ; 0.6ರ ಸಹಸಂಬಂಧವಿದ್ದರೂ ಅನಿಶ್ಚಿತತೆಯ ಬಹುಪಾಲು ಹಾಗೆಯೇ ಉಳಿದಿದೆ.

ನೇರ ಅನುಪಾತದ ಲೆಕ್ಕ ಬೇರೆ ಉತ್ತರ ಕೊಡುತ್ತದೆ. ಸರಾಸರಿ ಗೂಡಿನಲ್ಲಿ ಕವಚದ ಪಾಲು 320 / 1800, ಅಂದರೆ ಶೇ. 17.8. ಇದನ್ನೇ ಬಳಸಿದರೆ 2200 ಮಿಲಿಗ್ರಾಂ ಗೂಡಿಗೆ 391 ಬರುತ್ತದೆ, ಅಂದರೆ 11 ಮಿಲಿಗ್ರಾಂ ಹೆಚ್ಚು. ಈ ಮಾದರಿಯಲ್ಲಿ ಭಾರವಾದ ಗೂಡಿನ ಕವಚ ಹೆಚ್ಚು ತೂಗಿದರೂ ಅದರ ಶೇಕಡಾ ಪಾಲು 17.3ಕ್ಕೆ ಇಳಿಯುತ್ತದೆ.

## ಎರಡು ದಿಕ್ಕುಗಳ ವ್ಯತ್ಯಾಸ

ಮೇಲಿನ ಸಮೀಕರಣವನ್ನು ತಿರುವಿ ಹಾಕಿದರೆ ವಿರುದ್ಧ ದಿಕ್ಕಿನ ಉತ್ತರ ಸಿಗುವುದಿಲ್ಲ. ಕವಚ 380 ಮಿಲಿಗ್ರಾಂ ಇದ್ದಾಗ ಇಡೀ ಗೂಡಿನ ನಿರೀಕ್ಷಿತ ತೂಕ 2200 ಅಲ್ಲ. ಈಗ ಇಳಿಜಾರು 6000 / 2500 = 2.4 ಆಗುತ್ತದೆ, ಉತ್ತರ 1800 + 2.4 × 60 = 1944. ಎರಡೂ ಅಂದಾಜುಗಳು ತಮ್ಮ ತಮ್ಮ ಸರಾಸರಿಯ ಕಡೆಗೆ ವಾಲುತ್ತವೆ. ಸರಾಸರಿಯ ಕಡೆಗಿನ ಈ ಹಿಂಜರಿತವನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಅಧ್ಯಯನದಲ್ಲಿ ವಿವರಿಸಿದನು.

## ಮಿತಿಗಳು

ಈ ಸೂತ್ರಗಳು ಜಂಟಿ ಪ್ರಸಾಮಾನ್ಯತೆಯನ್ನು ಅವಲಂಬಿಸಿವೆ. S ಮತ್ತು W ಪ್ರತ್ಯೇಕವಾಗಿ ಪ್ರಸಾಮಾನ್ಯವಾಗಿದ್ದರೆ ಸಾಲದು. ಉದಾಹರಣೆಗೆ, Z ಎಂಬುದು ಸರಾಸರಿ ಸೊನ್ನೆಯಿರುವ ಪ್ರಸಾಮಾನ್ಯ ಚರವಾಗಿರಲಿ. ನಾಣ್ಯ ಚಿಮ್ಮಿ, ಅದರಂತೆ Z ಅಥವಾ −Z ಅನ್ನು V ಎಂದು ಆರಿಸಿದರೆ, V ಕೂಡ ಪ್ರಸಾಮಾನ್ಯವೇ, ಸಹಸಂಬಂಧವೂ ಸೊನ್ನೆಯೇ. ಆದರೂ Z ತಿಳಿದಾಗ V ಗೆ ಎರಡೇ ಬೆಲೆಗಳು ಸಾಧ್ಯ.

ಗೂಡಿನ ವಿಷಯದಲ್ಲಿ ಈ ಊಹೆ ಕೆಡುವುದು ಹೆಚ್ಚಾಗಿ ಬೆರಕೆಯಿಂದ. ಹೆಣ್ಣು ಪ್ಯೂಪಾ ಗಂಡಿಗಿಂತ ಭಾರವಾಗಿರುವುದರಿಂದ ಒಂದೇ ಲಾಟಿನಲ್ಲಿ ವಾಸ್ತವವಾಗಿ ಎರಡು ಗುಂಪುಗಳಿರುತ್ತವೆ. ದ್ವಿತಳಿ ಮತ್ತು ಮಿಶ್ರತಳಿ ಗೂಡುಗಳನ್ನು ಒಟ್ಟಿಗೆ ಅಳೆದರೂ ಹಾಗೆಯೇ. ಎರಡು ಹುಳುಗಳು ಸೇರಿ ಕಟ್ಟಿದ ಜೋಡಿಗೂಡುಗಳು ಕೆಲವೇ ಇದ್ದರೂ, ಅವು ಉಳಿದವುಗಳಿಂದ ಬಹುದೂರದಲ್ಲಿರುವುದರಿಂದ ಸಹಸಂಬಂಧವನ್ನು ಕೃತಕವಾಗಿ ಏರಿಸಬಲ್ಲವು.

ದೋಷವನ್ನು ಗುರುತಿಸಲು, ಕತ್ತರಿಸಿದ ಗೂಡುಗಳ ಶೇಷ S − 0.15W ಅನ್ನು W ಗೆ ಎದುರಾಗಿ ಗುರುತು ಹಾಕಿ ನೋಡಲಾಗುತ್ತದೆ. ಚುಕ್ಕೆಗಳು ಎಲ್ಲೆಡೆ ಒಂದೇ ಅಗಲದ ಅಡ್ಡಪಟ್ಟಿಯಂತೆ ಹರಡಿದ್ದರೆ ಮಾದರಿ ಒಪ್ಪುವಂಥದ್ದು. ಪಟ್ಟಿ ಬಾಗಿದರೆ ಸರಳರೇಖೆಯ ಊಹೆ ತಪ್ಪು. ಬೀಸಣಿಗೆಯಂತೆ ಅಗಲವಾಗುತ್ತ ಹೋದರೆ ವ್ಯತ್ಯಯ ಒಂದೇ ಎಂಬ ಊಹೆ ತಪ್ಪು. ಆಗ ಗುಂಪುಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಐದು ಸಂಖ್ಯೆಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗುತ್ತದೆ.